ದೀಪಾವಳಿಯ ಸಿಹಿ–ಖಾರ ಉಡುಗೊರೆ ಪೆಟ್ಟಿಗೆ: ರುಚಿ, ಬಾಳಿಕೆ ಮತ್ತು ವೆಚ್ಚದ ಹೊಂದಾಣಿಕೆ

ದೀಪಾವಳಿ ಸಮೀಪಿಸಿದಂತೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು, ಬ್ಯಾಂಕ್ ಶಾಖೆಗಳು ಹಾಗೂ ಶಾಲಾ ಆಡಳಿತ ಮಂಡಳಿಗಳು ತಮ್ಮ ಸಿಬ್ಬಂದಿಗೆ ಮತ್ತು ಸದಸ್ಯರಿಗೆ ಹಂಚಲು ತಿಂಡಿಯ ಪೆಟ್ಟಿಗೆಗಳನ್ನು ಹುಡುಕುವುದುಂಟು. ಇಂತಹ ಬೇಡಿಕೆಯು ಗ್ರಾಮ ಪಂಚಾಯತಿ ಮಟ್ಟದ ಮಹಿಳಾ ಒಕ್ಕೂಟಕ್ಕೆ ಬಂದಾಗ, ಸಮುದಾಯ ಭವನವನ್ನು ಒದಗಿಸಲು ಅಥವಾ ಬೇಡಿಕೆದಾರರೊಡನೆ ಮಾತನಾಡಲು ಸದಸ್ಯರನ್ನು ಕೋರಲಾಗುತ್ತದೆ. ಆ ಸಂದರ್ಭದಲ್ಲಿ ಪೆಟ್ಟಿಗೆಯ ಒಳಗೇನಿರಬೇಕು, ಎಷ್ಟಿರಬೇಕು, ಅದು ಎಷ್ಟು ದಿನ ಉಳಿಯಬಲ್ಲದು ಎಂಬುದನ್ನು ಪರಿಶೀಲಿಸಲು ಅನುಕೂಲವಾಗುವಂತೆ ಒಂದು ಉದಾಹರಣೆಯನ್ನು ಇಲ್ಲಿ ವಿವರವಾಗಿ ಬಿಡಿಸಿಡಲಾಗಿದೆ.

ಉದಾಹರಣೆ ಹೀಗಿದೆ. ಧಾರವಾಡ ಭಾಗದ ಒಂದು ಒಕ್ಕೂಟಕ್ಕೆ ತಲಾ 400 ರೂಪಾಯಿಯಂತೆ 200 ಪೆಟ್ಟಿಗೆಗಳ ಬೇಡಿಕೆ ಬಂದಿದೆ ಎಂದು ಭಾವಿಸಬಹುದು. ಒಳಗಿನ ತಿಂಡಿಯ ನಿವ್ವಳ ತೂಕ 750 ಗ್ರಾಂ. ಇಲ್ಲಿ ಬಳಸಿರುವ ದರಗಳು ಲೆಕ್ಕದ ಕ್ರಮವನ್ನು ತೋರಿಸಲು ಇರಿಸಿಕೊಂಡ ಮಾದರಿ ದರಗಳಷ್ಟೆ. ಆಯಾ ಊರಿನ ಸಂತೆಯ ದರವನ್ನು ಅವುಗಳ ಜಾಗದಲ್ಲಿಟ್ಟು ಲೆಕ್ಕವನ್ನು ಹೊಸದಾಗಿ ಮಾಡತಕ್ಕದ್ದು.

ಮೊದಲ ಪಟ್ಟಿ ಮತ್ತು ಅದರ ತೊಡಕು

ಇಂತಹ ಪೆಟ್ಟಿಗೆಗೆ ಯಾರೇ ಪಟ್ಟಿ ಮಾಡಲು ಕುಳಿತರೂ ಮೊದಲು ಮನಸ್ಸಿಗೆ ಬರುವುದು ಊರಿನಲ್ಲಿ ಹೆಸರಾದ ತಿಂಡಿಗಳು: ಪೇಡೆ, ಬೂಂದಿ ಲಾಡು, ಕರ್ಜಿಕಾಯಿ, ಚಕ್ಕುಲಿ, ಅವಲಕ್ಕಿ ಚೂಡಾ. ತಟ್ಟೆಯಲ್ಲಿಟ್ಟು ಆ ದಿನವೇ ತಿನ್ನುವುದಾದರೆ ಇದರಲ್ಲಿ ಯಾವ ದೋಷವೂ ಇಲ್ಲ. ಪೆಟ್ಟಿಗೆಯ ಸಂಗತಿ ಬೇರೆ. ತಿಂಡಿ ಮಾಡಲು ಆರು ದಿನ, ಸಾಗಿಸಲು ಒಂದು ದಿನ, ಸಂಘವು ತನ್ನ ಸದಸ್ಯರಿಗೆ ಹಂಚಲು ಐದು ದಿನ, ಮನೆಯಲ್ಲಿ ಇಟ್ಟು ತಿನ್ನಲು ಹತ್ತು ದಿನ ಎಂದು ಹಿಡಿದರೆ, ಮೊದಲ ದಿನ ಮಾಡಿದ ತಿಂಡಿಗೆ ಕೊನೆಯ ತುಣುಕು ಮುಗಿಯುವ ಹೊತ್ತಿಗೆ 22 ದಿನ ಆಗಿರುತ್ತದೆ. ಆದುದರಿಂದ 30 ದಿನ ಕೆಡದೆ ಉಳಿಯುವ ತಿಂಡಿಗಳನ್ನಷ್ಟೇ ಆರಿಸುವುದು ಕ್ಷೇಮ. ಐದು ತಿಂಡಿಗಳಲ್ಲಿ ಒಂದು ಹತ್ತು ದಿನಕ್ಕೆ ಕೆಟ್ಟರೆ, ಪೆಟ್ಟಿಗೆಯನ್ನು ಪಡೆದವರ ಪಾಲಿಗೆ ಇಡೀ ಪೆಟ್ಟಿಗೆಯೇ ಹತ್ತು ದಿನದ್ದು.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಒಂದೇ ಪೆಟ್ಟಿಗೆಯಲ್ಲಿ ತೆರೆದಿಟ್ಟ ತಿಂಡಿಗಳು ಒಂದರ ತೇವವನ್ನು ಮತ್ತೊಂದು ಹೀರಿಕೊಳ್ಳುತ್ತವೆ. ಬೂಂದಿ ಲಾಡುವಿನಲ್ಲಿ ಸಕ್ಕರೆ ಪಾಕದ ನೀರು ಉಳಿದಿರುತ್ತದೆ. ಚಕ್ಕುಲಿಯಲ್ಲಿ ನೀರು ಬಹುತೇಕ ಇರುವುದೇ ಇಲ್ಲ. ಇವೆರಡನ್ನೂ ಒಂದೇ ಮುಚ್ಚಳದ ಕೆಳಗಿಟ್ಟರೆ ಲಾಡುವಿನ ತೇವ ಪೆಟ್ಟಿಗೆಯೊಳಗಿನ ಗಾಳಿಗೆ ಬಂದು, ಅಲ್ಲಿಂದ ಚಕ್ಕುಲಿಗೆ ಸೇರುತ್ತದೆ. ಹೊರಗಿನ ಗಾಳಿ ಒಂದಿಷ್ಟೂ ಒಳನುಗ್ಗದಿದ್ದರೂ ನಾಲ್ಕಾರು ದಿನಗಳಲ್ಲಿ ಲಾಡು ಗಟ್ಟಿಯಾಗಿ ಚಕ್ಕುಲಿ ಮೆತ್ತಗಾಗುತ್ತದೆ. ಪೆಟ್ಟಿಗೆ ತೆರೆದವರು ಚಕ್ಕುಲಿ ಹಳತೆಂದು ದೂರುತ್ತಾರೆ, ಮಾಡಿದವರು ಹಿಂದಿನ ದಿನವಷ್ಟೇ ಕರಿದದ್ದೆಂದು ವಾದಿಸುತ್ತಾರೆ. ಕಾರಣ ಪಕ್ಕದಲ್ಲಿದ್ದ ಲಾಡು ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ.

ಆಹಾರ ವಿಜ್ಞಾನದಲ್ಲಿ ಇದನ್ನು ‘ನೀರಿನ ಚಟುವಟಿಕೆ’ ಎಂಬ ಅಳತೆಯಿಂದ ಗುರುತಿಸುತ್ತಾರೆ. ತಿಂಡಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ಈ ಅಳತೆ ಹೇಳುವುದಿಲ್ಲ. ಆ ನೀರಿನಲ್ಲಿ ಎಷ್ಟು ಭಾಗ ಬೂಷ್ಟಿಗೆ, ಗಾಳಿಗೆ, ಪಕ್ಕದ ತಿಂಡಿಗೆ ಸಿಗುವ ಸ್ಥಿತಿಯಲ್ಲಿದೆ ಎಂಬುದನ್ನು ಹೇಳುತ್ತದೆ. ಶುದ್ಧ ನೀರಿಗೆ ಇದರ ಬೆಲೆ 1. ಸುಮಾರು 0.6ಕ್ಕಿಂತ ಕೆಳಗೆ ಯಾವ ಬೂಷ್ಟೂ ಬೆಳೆಯಲಾರದು. ಗರಿಗರಿಯಾದ ಕರಿದ ತಿಂಡಿಗಳು ಈ ಮಟ್ಟಕ್ಕೆ ಬಹಳ ಕೆಳಗಿರುತ್ತವೆ. ಪಾಕದ ತೇವ ಉಳಿದಿರುವ ಸಿಹಿಗಳು ಮತ್ತು ಖೋವಾದ ಸಿಹಿಗಳು ಅದರ ಮೇಲಿರುತ್ತವೆ. ಉಪಕರಣವಿಲ್ಲದೆಯೂ ಈ ತತ್ವವನ್ನು ಬಳಸಲು ಸಾಧ್ಯ. ಪಟ್ಟಿಯಲ್ಲಿರುವ ಪ್ರತಿ ತಿಂಡಿಯ ಮುಂದೆ ಒಣ, ಅರೆ ಒಣ, ತೇವ ಎಂದು ಬರೆದುಕೊಂಡು, ತೇವ ಎಂದಾದದ್ದನ್ನು ಮೊದಲು ಹೊಡೆದುಹಾಕಬೇಕು.

ಈ ಕ್ರಮದಲ್ಲಿ ಬೂಂದಿ ಲಾಡು ಬಿಟ್ಟುಹೋಗುತ್ತದೆ. ಕರ್ಜಿಕಾಯಿಯ ಹೂರಣಕ್ಕೆ ಹಸಿ ತೆಂಗಿನ ತುರಿ ಬಳಸಿದರೆ ಅದರ ಆಯುಷ್ಯ ಒಂದೆರಡು ದಿನ. ಒಣ ಕೊಬ್ಬರಿ ಬಳಸಿದರೂ, ಅದು ಸರಿಯಾಗಿ ಒಣಗಿರದಿದ್ದರೆ ಕೆಲವೇ ವಾರಗಳಲ್ಲಿ ಬಾಯಿಗೆ ಸಾಬೂನಿನಂತಹ ರುಚಿ ಬರುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬು ತೇವದಿಂದ ಒಡೆಯುವುದೇ ಇದಕ್ಕೆ ಕಾರಣ. ಆದುದರಿಂದ ಕರ್ಜಿಕಾಯಿಯನ್ನೂ ಈ ಬಾರಿ ಕೈಬಿಡುವುದು ಒಳಿತು. ಪೇಡೆಯ ವಿಷಯದಲ್ಲಿ ಮಾತ್ರ ಬೇಡಿಕೆದಾರರೊಡನೆ ವಾದಕ್ಕಿಳಿಯಬೇಕಾಗುತ್ತದೆ, ಏಕೆಂದರೆ ಧಾರವಾಡದ ಸುತ್ತಮುತ್ತ ಪೇಡೆಯಿಲ್ಲದ ಸಿಹಿಯ ಪೆಟ್ಟಿಗೆಯನ್ನು ಪೆಟ್ಟಿಗೆಯೆಂದೇ ಎಣಿಸದವರಿದ್ದಾರೆ. ಚೆನ್ನಾಗಿ ಹುರಿದ ಖೋವಾದಿಂದ ಮಾಡಿದ ಪೇಡೆ ಮೃದುವಾದ ಹಾಲಿನ ಪೇಡೆಗಿಂತ ಹೆಚ್ಚು ದಿನ ಬಾಳುತ್ತದೆಂಬುದು ನಿಜ. ಆದರೂ ಅದು ಹಾಲಿನ ಪದಾರ್ಥ. 30 ದಿನದ ಪೆಟ್ಟಿಗೆಗೆ ಸೇರತಕ್ಕದ್ದಲ್ಲ. ಪೇಡೆ ಬೇಕೇಬೇಕೆಂದರೆ ಹಂಚಿಕೆಯ ದಿನ ಪ್ರತ್ಯೇಕ ಪುಟ್ಟ ಪೊಟ್ಟಣದಲ್ಲಿ, ಬೇರೆಯೇ ದಿನಾಂಕದ ಚೀಟಿಯೊಡನೆ, ಬೇರೆ ಬೆಲೆಗೆ ಒದಗಿಸುವುದು ಸೂಕ್ತ.

ಎರಡನೆಯ ಪಟ್ಟಿ

ಹೀಗೆ ಜರಡಿ ಹಿಡಿದ ಮೇಲೆ ಐದು ತಿಂಡಿಗಳು ಉಳಿಯುತ್ತವೆ: ಬೇಸನ್ ಉಂಡೆ, ಕರದಂಟು, ಶಂಕರಪಾಳಿ, ಚಕ್ಕುಲಿ ಮತ್ತು ಅವಲಕ್ಕಿ ಚೂಡಾ. ಬೇಸನ್ ಉಂಡೆಯಲ್ಲಿ ನೀರು ಸೇರುವುದೇ ಇಲ್ಲ. ಹುರಿದ ಹಿಟ್ಟು, ಸಕ್ಕರೆ ಪುಡಿ, ತುಪ್ಪ ಇಷ್ಟೇ. ಕರದಂಟು ಬೆಲ್ಲದ ಗಟ್ಟಿ ಪಾಕ, ತುಪ್ಪದಲ್ಲಿ ಕರಿದ ಅಂಟು ಮತ್ತು ಒಣ ಹಣ್ಣುಗಳಿಂದ ಆದದ್ದರಿಂದ ಅರೆ ಒಣ ಎಂಬ ವರ್ಗಕ್ಕೆ ಸೇರುತ್ತದೆ. ಉಳಿದ ಮೂರು ಒಣ ತಿಂಡಿಗಳು.

ರುಚಿಯ ದೃಷ್ಟಿಯಿಂದಲೂ ಈ ಐದು ಒಂದಕ್ಕೊಂದು ಪೂರಕವಾಗಿವೆ. ಬಾಯಲ್ಲಿ ಕರಗುವ ಉಂಡೆ, ಜಗಿಯಬೇಕಾದ ಕರದಂಟು, ಮುರಿದರೆ ಸದ್ದು ಮಾಡುವ ಚಕ್ಕುಲಿ. ಶಂಕರಪಾಳಿಯ ಸಿಹಿ ಮಂದವಾದುದರಿಂದ ಅದು ಗಾಢ ಸಿಹಿಗೂ ಖಾರಕ್ಕೂ ನಡುವಿನ ಸೇತುವೆಯಾಗುತ್ತದೆ. ಆದರೆ ಪಟ್ಟಿಯಲ್ಲಿ ಹುಳಿಯೇ ಇಲ್ಲ. ತುಪ್ಪದ ಸಿಹಿ ಎರಡು ಬಗೆಯಿರುವಾಗ ನಾಲಿಗೆ ಬೇಗ ಜಿಡ್ಡುಗಟ್ಟುತ್ತದೆ. ಅದನ್ನು ಬಿಡಿಸಲು ಚೂಡಾಕ್ಕೆ ತುಸು ಮಾವಿನಕಾಯಿ ಒಣಪುಡಿ ಸೇರಿಸಿದರೆ ಸಾಕು. ನಿಂಬೆರಸ ಸೇರಿಸಿದರೆ ಅದರೊಡನೆ ನೀರೂ ಸೇರಿತು.

ವಾಸನೆಯ ಕುರಿತು ಒಂದು ಮಾತನ್ನು ಹೇಳಲೇಬೇಕು. ತುಪ್ಪವು ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಚೂಡಾಕ್ಕೆ ಬೆಳ್ಳುಳ್ಳಿ ಇದ್ದರೇ ಸೊಗಸು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ತೆಳು ಪ್ಲಾಸ್ಟಿಕ್ ಚೀಲದ ಮೂಲಕವೂ ಆ ವಾಸನೆ ಹಾದು ಬಂದು ಒಂದು ವಾರದಲ್ಲಿ ಬೇಸನ್ ಉಂಡೆಗೆ ಅಂಟಿಕೊಳ್ಳುತ್ತದೆ. ಮೇಲಾಗಿ ಹಬ್ಬದ ದಿನಗಳಲ್ಲಿ ಬೆಳ್ಳುಳ್ಳಿ ತಿನ್ನದ ಮನೆಗಳು ಎಷ್ಟೋ ಇವೆ. ಆದುದರಿಂದ ಈ ಪೆಟ್ಟಿಗೆಯ ಮಟ್ಟಿಗೆ ಬೆಳ್ಳುಳ್ಳಿಯನ್ನು ಬಿಟ್ಟು, ಇಂಗನ್ನು ಹಿತವಾಗಿ ಬಳಸುವುದು ಯೋಗ್ಯ.

ಬಾಳಿಕೆಯು ಬಾಣಲೆಯಲ್ಲಿ ನಿರ್ಧಾರವಾಗುವ ಬಗೆ

ಚಕ್ಕುಲಿ ಮೆತ್ತಗಾದಾಗ ಎಲ್ಲರೂ ಚೀಲವನ್ನು ದೂರುತ್ತಾರೆ. ಎಷ್ಟೋ ಸಲ ತಪ್ಪು ಉರಿಯದ್ದು. ಹಸಿ ಹಿಟ್ಟಿನ ಚಕ್ಕುಲಿಯನ್ನು ಎಣ್ಣೆಗೆ ಬಿಟ್ಟೊಡನೆ ಏಳುವ ಗುಳ್ಳೆಗಳು ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರುವುದರ ಗುರುತು. ಗುಳ್ಳೆ ಬಹುತೇಕ ನಿಲ್ಲುವವರೆಗೂ ಚಕ್ಕುಲಿ ಎಣ್ಣೆಯಲ್ಲಿರಬೇಕು. ಉರಿ ಜೋರಾಗಿದ್ದರೆ ಹೊರಮೈ ಬೇಗ ಕೆಂಪಾಗುತ್ತದೆ, ಬಣ್ಣ ಬಂದಿತೆಂದು ತೆಗೆದುಬಿಡುತ್ತಾರೆ, ಸುರುಳಿಯ ಒಳಗೆ ನೀರು ಉಳಿದಿರುತ್ತದೆ. ಅಂತಹ ಚಕ್ಕುಲಿ ಬಾಣಲೆಯಿಂದ ತೆಗೆದಾಗ ಗರಿಗರಿಯಾಗಿಯೇ ಇದ್ದು, ಮೂರನೆಯ ದಿನ ಒಳಗಿನ ತೇವ ಹೊರಮೈಗೆ ಹರಡಿ ತಾನಾಗಿಯೇ ಮೆತ್ತಗಾಗುತ್ತದೆ. ಎಷ್ಟೇ ಒಳ್ಳೆಯ ಚೀಲವೂ ಅದನ್ನು ಕಾಯಲಾರದು. ಮಧ್ಯಮ ಉರಿಯಲ್ಲಿ, ಸುಮಾರು 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತಾಳ್ಮೆಯಿಂದ ಕರಿಯುವುದೇ ಸರಿಯಾದ ವಿಧಾನ. ತಣಿದ ಚಕ್ಕುಲಿಯನ್ನು ಅಡ್ಡಲಾಗಿ ಮುರಿದು ನೋಡಿದರೆ ನಡುವಿನ ಬಣ್ಣ ಹೊರಗಿನ ಬಣ್ಣಕ್ಕೆ ಹತ್ತಿರವಿರಬೇಕು. ನಡುವೆ ಬಿಳಿಚಿದ, ಹಿಟ್ಟುಹಿಟ್ಟಾದ ಗೆರೆ ಕಂಡರೆ ಆ ಒಬ್ಬೆ ಪೆಟ್ಟಿಗೆಗೆ ಹೋಗತಕ್ಕದ್ದಲ್ಲ.

ಚೂಡಾದಲ್ಲಿ ಇದೇ ದೋಷ ಕರಿಬೇವಿನ ರೂಪದಲ್ಲಿ ಬರುತ್ತದೆ. ತೊಳೆದ ಕರಿಬೇವನ್ನು ಬಟ್ಟೆಯ ಮೇಲೆ ಆರಿಸದೆ ಒಗ್ಗರಣೆಗೆ ಹಾಕಿ, ಬಾಡಿದ ಕೂಡಲೇ ಅವಲಕ್ಕಿ ಸುರಿದರೆ, ಎಲೆಯಲ್ಲಿ ಉಳಿದ ನೀರೇ ಇಡೀ ಚೂಡಾವನ್ನು ಮೆತ್ತಗಾಗಿಸಲು ಸಾಕು. ಎಲೆ ಬೆರಳ ನಡುವೆ ಪುಡಿಯಾಗುವವರೆಗೆ ಹುರಿಯಬೇಕು. ಹಸಿಮೆಣಸಿನಕಾಯಿಗೂ ಈ ಮಾತು ಅನ್ವಯಿಸುತ್ತದೆ. ಒಣಮೆಣಸಿನಪುಡಿ ಬಳಸಿದರೆ ಆ ಚಿಂತೆಯೇ ಇಲ್ಲ. ಚೂಡಾದಲ್ಲಿ ಎಲ್ಲಕ್ಕಿಂತ ಮೊದಲು ಕಮಟು ವಾಸನೆ ಹಿಡಿಯುವುದು ಶೇಂಗಾ. ಹೊಸ ಬೆಳೆಯ ಕಾಳನ್ನು ಕೊಂಡು, ಮುರುಟಿದ, ಬಣ್ಣಗೆಟ್ಟ, ಬೂಷ್ಟಿನ ಕುರುಹುಳ್ಳ ಕಾಳುಗಳನ್ನು ಕೈಯಿಂದಲೇ ಆಯ್ದು ತೆಗೆಯುವುದು ಕಡ್ಡಾಯ. ಬೂಷ್ಟು ಹಿಡಿದ ಶೇಂಗಾದಲ್ಲಿರಬಹುದಾದ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಕಮಟು ಹಿಡಿಯುವುದೆಂದರೆ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಡುವುದು. ತೇವದಿಂದ ಕೆಟ್ಟ ತಿಂಡಿ ಕೈಗೆ ತಿಳಿಯುತ್ತದೆ, ಇದು ಮೂಗಿಗೆ ತಿಳಿಯುತ್ತದೆ. ಚಕ್ಕುಲಿಯ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಎಣ್ಣೆಯೇ ಆದುದರಿಂದ ಎಣ್ಣೆಯ ಆಯ್ಕೆಯೇ ತಿಂಡಿಯ ಆಯುಷ್ಯವನ್ನು ನಿರ್ಧರಿಸುತ್ತದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆ ಬೇಗ ಕೆಡುತ್ತದೆ, ಪಾಮೋಲಿನ್ ನಿಧಾನವಾಗಿ ಕೆಡುತ್ತದೆ, ಶೇಂಗಾ ಎಣ್ಣೆ ಇವೆರಡರ ನಡುವಿನದು. ರುಚಿಯನ್ನೂ ಬಾಳಿಕೆಯನ್ನೂ ಒಟ್ಟಿಗೆ ನೋಡಿದರೆ 30 ದಿನದ ಪೆಟ್ಟಿಗೆಗೆ ಶೇಂಗಾ ಎಣ್ಣೆ ಸಾಕಾಗುತ್ತದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದರಲ್ಲಿ ಕೆಟ್ಟ ಸಂಯುಕ್ತಗಳು ಹೆಚ್ಚುತ್ತವೆ. ಅವುಗಳ ಒಟ್ಟು ಪ್ರಮಾಣ ಶೇ. 25 ಮೀರಿದ ಎಣ್ಣೆಯನ್ನು ಬಳಸುವಂತಿಲ್ಲವೆಂದು ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ಅಳೆಯುವ ಉಪಕರಣವಿಲ್ಲದ ಕಡೆ, ಎಣ್ಣೆ ಗಾಢ ಕಂದಾಗುವುದು, ಮೇಲೆ ನೊರೆ ನಿಲ್ಲುವುದು, ಮೊದಲಿಗಿಂತ ಕಡಿಮೆ ಉರಿಗೇ ಹೊಗೆಯಾಡುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಎಣ್ಣೆಯನ್ನು ಬದಲಿಸಬೇಕು. ಒಂದೇ ಎಣ್ಣೆಯಲ್ಲಿ ಎರಡು ತಿಂಡಿ ಕರಿಯುವುದಾದರೆ ಶಂಕರಪಾಳಿ ಮೊದಲು, ಎಣ್ಣೆ ಸೋಸಿ ಚಕ್ಕುಲಿ ನಂತರ; ಮೆಣಸಿನಪುಡಿ ಮತ್ತು ಓಮದ ಪರಿಮಳ ಶಂಕರಪಾಳಿಗೆ ಒಗ್ಗುವುದಿಲ್ಲ.

ಬೆಲ್ಲದ ಸ್ವಭಾವವನ್ನೂ ಸದಸ್ಯರು ಗಮನಿಸಬೇಕು. ಸಕ್ಕರೆಗಿಂತ ಬೆಲ್ಲ ಗಾಳಿಯ ತೇವವನ್ನು ಬಹುಬೇಗ ಎಳೆದುಕೊಳ್ಳುತ್ತದೆ. ಕರದಂಟಿನ ಪಾಕ ಎಳೆಯದಾದರೆ ಒಂದು ವಾರದಲ್ಲಿ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಮೇಲ್ಮೈ ಜಿನುಗತೊಡಗುತ್ತದೆ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟಾಗ ಬೆರಳಲ್ಲಿ ಉರುಟಿಸಬಹುದಾದ ಗಟ್ಟಿ ಉಂಡೆ ಆಗಬೇಕು. ಅದರಾಚೆ ಹೋದರೆ ತುಂಡು ಹಲ್ಲಿಗೆ ಸವಾಲಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಪಂಚಾಯತಿಗಳಲ್ಲಿ ಬೆಲ್ಲದ ತಿಂಡಿಯನ್ನು ಒಂದೊಂದೇ ತುಂಡಾಗಿ ಸುತ್ತುವುದು ಅನಿವಾರ್ಯ.

ಚೀಲ ಮತ್ತು ಪೆಟ್ಟಿಗೆ

ಐದು ತಿಂಡಿಗೂ ಐದು ಪ್ರತ್ಯೇಕ ಬೆಸುಗೆಯ ಚೀಲಗಳಿರಬೇಕು. ಸಾಮಾನ್ಯ ಪಾರದರ್ಶಕ ಚೀಲ ತೇವವನ್ನು ಸಾಕಷ್ಟು ತಡೆಯುತ್ತದೆ, ಆದರೆ ಆಮ್ಲಜನಕವನ್ನೂ ವಾಸನೆಯನ್ನೂ ತಡೆಯುವುದಿಲ್ಲ. ಒಳಮೈ ಬೆಳ್ಳಿಯಂತೆ ಹೊಳೆಯುವ ಮೆಟಲೈಸ್ಡ್ ಚೀಲ ಇವೆಲ್ಲವನ್ನೂ ಬೆಳಕನ್ನೂ ತಡೆಯುತ್ತದೆ. ಎಲ್ಲಕ್ಕೂ ದುಬಾರಿ ಚೀಲ ಬೇಕಿಲ್ಲ. ಚಕ್ಕುಲಿ, ಚೂಡಾ ಮತ್ತು ಬೇಸನ್ ಉಂಡೆಗೆ ಮೆಟಲೈಸ್ಡ್, ಉಳಿದೆರಡಕ್ಕೆ ದಪ್ಪನೆಯ ಪಾರದರ್ಶಕ ಚೀಲ ಸಾಕು. ತಿಂಡಿಗೆ ವೃತ್ತಪತ್ರಿಕೆಯ ಹಾಳೆ ತಾಗಿಸುವಂತಿಲ್ಲ. ಬಿಸಿ ತಿಂಡಿಯನ್ನು ಚೀಲಕ್ಕೆ ತುಂಬಿದರೆ ಆವಿ ಒಳಗೇ ಹನಿಗಟ್ಟುತ್ತದೆ. ಪೂರ್ತಿ ತಣಿಯಬೇಕು, ತಣಿದ ಮೇಲೆ ತಡಮಾಡದೆ ತುಂಬಬೇಕು. ರಾತ್ರಿಯಿಡೀ ಹರವಿಟ್ಟು ಬೆಳಿಗ್ಗೆ ತುಂಬುವ ರೂಢಿ ಒಳ್ಳೆಯದಲ್ಲ.

ಬೆಸುಗೆ ಸರಿಯಿದೆಯೇ ಎಂದು ತಿಳಿಯಲು ಬಕೆಟ್ಟಿನ ನೀರೇ ಉಪಕರಣ. ಪ್ರತಿ 50 ಚೀಲಕ್ಕೆ ಒಂದನ್ನು ನೀರಿನಲ್ಲಿ ಮುಳುಗಿಸಿ ಒತ್ತಿದಾಗ ಗಾಳಿಗುಳ್ಳೆ ಬಂದರೆ ಬೆಸುಗೆಯಲ್ಲಿ ಬಿರುಕಿದೆ. ಬಹುಪಾಲು ಬಿರುಕುಗಳು ಚೀಲದ ಬಾಯಿಗೆ ಮೆತ್ತಿದ ಎಣ್ಣೆ ಅಥವಾ ಸಕ್ಕರೆ ಪುಡಿಯಿಂದ ಆದವು; ಬೆಸುಗೆಗೆ ಮುನ್ನ ಬಾಯಿಯನ್ನು ಒಣಬಟ್ಟೆಯಿಂದ ಒರೆಸಿದರೆ ನಿವಾರಣೆಯಾಗುತ್ತವೆ.

ಹೊರಪೆಟ್ಟಿಗೆಯ ಅಳತೆ ಚೀಲಗಳು ಅಲುಗದಷ್ಟು ಬಿಗಿಯಾಗಿರಬೇಕು. ಭಾರವಾದ ಉಂಡೆ ಮತ್ತು ಕರದಂಟು ಕೆಳಗೆ, ಚಕ್ಕುಲಿ ಮೇಲೆ. ತುಂಬಿದ ಪೆಟ್ಟಿಗೆಯನ್ನು ಮೇಜಿನ ಎತ್ತರದಿಂದ ಒಮ್ಮೆ ಕೆಡವಿ, ತೆರೆದು, ಮುರಿದ ಚಕ್ಕುಲಿಗಳನ್ನು ಎಣಿಸಿ ನೋಡುವುದರಿಂದ ಸಾಗಾಣಿಕೆಯಲ್ಲಿ ಆಗುವುದರ ಅಂದಾಜು ಸಿಗುತ್ತದೆ. ಪೆಟ್ಟಿಗೆಯ ಹೊರಗೆ ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತುವ ಆಸೆಯನ್ನು ಬಿಡಬೇಕು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಸಿಹಿತಿಂಡಿ ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯ ಹೆಸರೂ ಇದೆ. ಪಂಚಾಯತಿಯೇ ಜಾರಿಗೆ ತರಬೇಕಾದ ನಿಷೇಧವನ್ನು ಪಂಚಾಯತಿಯ ಭವನದಲ್ಲೇ ಮುರಿಯುವುದು ಶೋಭಿಸದು.

ವೆಚ್ಚದ ಲೆಕ್ಕ

ಒಂದು ಪೆಟ್ಟಿಗೆಗೆ ಮೊದಲು ಹೀಗೆ ತೂಕ ಹಂಚಿದ್ದೆಂದು ಇಟ್ಟುಕೊಳ್ಳಬಹುದು: ಬೇಸನ್ ಉಂಡೆ 180 ಗ್ರಾಂ, ಕರದಂಟು 150, ಶಂಕರಪಾಳಿ 120, ಚಕ್ಕುಲಿ 150, ಚೂಡಾ 150. ಸಿದ್ಧ ತಿಂಡಿಯ ಕಿಲೋಗ್ರಾಂ ಒಂದಕ್ಕೆ ಬೀಳುವ ಸಾಮಗ್ರಿ ವೆಚ್ಚ ಮಾದರಿ ದರದಲ್ಲಿ ಉಂಡೆಗೆ 240 ರೂಪಾಯಿ, ಕರದಂಟಿಗೆ 440, ಶಂಕರಪಾಳಿಗೆ 130, ಚಕ್ಕುಲಿಗೆ 120, ಚೂಡಾಕ್ಕೆ 140. ಇದರಂತೆ ಪೆಟ್ಟಿಗೆಯ ಸಾಮಗ್ರಿಗೆ ಸುಮಾರು 164 ರೂಪಾಯಿ ಆಗುತ್ತದೆ. ಅದರಲ್ಲಿ ಕರದಂಟಿನದೇ 66. ತೂಕದಲ್ಲಿ ಐದನೆಯ ಒಂದು ಭಾಗವಿರುವ ತಿಂಡಿ ಸಾಮಗ್ರಿ ವೆಚ್ಚದಲ್ಲಿ ಶೇ. 40ರಷ್ಟನ್ನು ನುಂಗುತ್ತಿದೆ. ವೆಚ್ಚ ಇಳಿಸಬೇಕೆಂದರೆ ಕೈಹಾಕಬೇಕಾದದ್ದು ಇಲ್ಲಿಗೆ. ಚಕ್ಕುಲಿಯ ಹಿಟ್ಟಿನಲ್ಲಿ ಮಿಗಿಸುವ ಪೈಸೆಗಳಿಂದ ಏನೂ ಆಗದು.

ಕರದಂಟಿನ ತುಂಡು 30 ಗ್ರಾಂ ತೂಗಿದರೆ 150 ಗ್ರಾಮಿಗೆ ಐದು ತುಂಡು. ಮೂರಕ್ಕೆ ಇಳಿಸಿ ಆ ತೂಕಕ್ಕೆ ಚೂಡಾ ತುಂಬಿದರೆ ಪೆಟ್ಟಿಗೆಗೆ 18 ರೂಪಾಯಿ, 200 ಪೆಟ್ಟಿಗೆಗೆ 3,600 ರೂಪಾಯಿ ಉಳಿಯುತ್ತದೆ. ಆದರೆ ನಾಲ್ಕು ಜನರ ಮನೆಗೆ ಮೂರು ತುಂಡು ಕರದಂಟು ಕಳುಹಿಸುವುದೆಂದರೆ ಹಬ್ಬದ ದಿನ ಒಂದು ಜಗಳವನ್ನೂ ಕಳುಹಿಸಿದಂತೆ. ನಾಲ್ಕು ತುಂಡು ಇರಿಸಿದರೆ ಪೆಟ್ಟಿಗೆಗೆ 9 ರೂಪಾಯಿ ಉಳಿಯುತ್ತದೆ. ಹಾಗೆ ಮಾಡಿದಾಗ ಕರದಂಟು 120 ಗ್ರಾಂ, ಚೂಡಾ 180 ಗ್ರಾಂ ಆಗಿ, ಸಿಹಿ 420 ಗ್ರಾಂ ಮತ್ತು ಖಾರ 330 ಗ್ರಾಂ ಎಂಬ ಹದವಾದ ಪ್ರಮಾಣವೂ ದೊರೆಯುತ್ತದೆ. ಸಾಮಗ್ರಿ ವೆಚ್ಚ 155 ರೂಪಾಯಿಗೆ ಇಳಿಯುತ್ತದೆ.

ಇನ್ನೊಂದು ಆಮಿಷ ಬೇಸನ್ ಉಂಡೆಯ ತುಪ್ಪದ್ದು. ಕಿಲೋ ಉಂಡೆಗೆ ಕಾಲು ಕಿಲೋ ತುಪ್ಪ ಬೇಕು. ತುಪ್ಪದ ದರ 650, ವನಸ್ಪತಿಯ ದರ 150 ಎಂದಾದರೆ ಪೆಟ್ಟಿಗೆಯೊಂದಕ್ಕೆ 22 ರೂಪಾಯಿ 50 ಪೈಸೆ ಉಳಿಸಬಹುದು. ಒಟ್ಟು 4,500 ರೂಪಾಯಿ. ವನಸ್ಪತಿ ಬಳಸಿ ತುಪ್ಪದ ಉಂಡೆ ಎಂದು ಬರೆದರೆ ಅದು ಕಾನೂನಿನಡಿ ಅಪರಾಧ. ವನಸ್ಪತಿ ಎಂದೇ ಬರೆದರೆ, ಒಕ್ಕೂಟದ ಪೆಟ್ಟಿಗೆಯನ್ನು ಅಂಗಡಿಯ ಪೆಟ್ಟಿಗೆಗಿಂತ ಮೇಲೆಂದು ಕೊಳ್ಳಲು ಬಂದವರಿಗೆ ಬೇರೆ ಕಾರಣ ಉಳಿಯುವುದಿಲ್ಲ.

ಇನ್ನು ಉಳಿದ ಬಾಬ್ತುಗಳು. ಮುರಿದದ್ದು, ಕೆಟ್ಟದ್ದು, ರುಚಿ ನೋಡಿದ್ದು ಸೇರಿ ಸಾಮಗ್ರಿಯ ಶೇ. 6ರಂತೆ 9 ರೂಪಾಯಿ. ಅನಿಲಕ್ಕೆ 8. ಐದು ಚೀಲ, ಹೊರಪೆಟ್ಟಿಗೆ ಮತ್ತು ಚೀಟಿಗಳಿಗೆ 43. ಎಂಟು ಮಂದಿ ಆರು ದಿನ ದುಡಿದರೆ 48 ಕೂಲಿದಿನಗಳು. ದಿನಕ್ಕೆ 400 ರೂಪಾಯಿಯಂತೆ 19,200, ಅಂದರೆ ಪೆಟ್ಟಿಗೆಗೆ 96. ಸಾಗಾಣಿಕೆಗೆ 12. ಪರೀಕ್ಷಾ ಪೆಟ್ಟಿಗೆ, ನೀರಿನ ತಪಾಸಣೆ ಮತ್ತು ನೋಂದಣಿಗೆ 10. ಎಲ್ಲ ಸೇರಿ 333 ರೂಪಾಯಿ. ಸದಸ್ಯೆಯರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಲಾಭ ತೋರಿಸುವ ಪಟ್ಟಿಗಳು ಆಗಾಗ ಕಾಣಸಿಗುತ್ತವೆ; ಅಂತಹ ಪಟ್ಟಿಯನ್ನು ಹಿಂದಿರುಗಿಸುವುದೇ ಸದಸ್ಯರು ಮಾಡಬಹುದಾದ ಉಪಕಾರ.

ಪೆಟ್ಟಿಗೆಗೆ ಉಳಿಯುವುದು 67 ರೂಪಾಯಿ, 200 ಪೆಟ್ಟಿಗೆಗೆ 13,400. ಚಕ್ಕುಲಿ ಮೆತ್ತಗಾಯಿತೆಂದು 34 ಪೆಟ್ಟಿಗೆಗಳನ್ನು ಹಿಂದಿರುಗಿಸಿ ಹಣ ಕೇಳಿದರೆ ಮರಳಿ ಕೊಡಬೇಕಾದದ್ದು 13,600 ರೂಪಾಯಿ. ಆರರಲ್ಲೊಂದು ಪೆಟ್ಟಿಗೆ ಮರಳಿದರೂ ಒಕ್ಕೂಟಕ್ಕೆ ಉಳಿದದ್ದೆಲ್ಲ ಹೋಯಿತು.

ಚೌತಿಯ ವಾರದಲ್ಲೇ ಪರೀಕ್ಷೆ

ಈ ಕಾರಣದಿಂದಲೇ ಪರೀಕ್ಷೆಯನ್ನು ದಸರಾ ಮುಗಿದ ಮೇಲೆ ಆರಂಭಿಸಿದರೆ ತಡವಾಗುತ್ತದೆ. ವಿಜಯದಶಮಿಯಿಂದ ದೀಪಾವಳಿ ಅಮಾವಾಸ್ಯೆಗೆ ಇರುವುದು 20 ದಿನ. 30 ದಿನದ ಬಾಳಿಕೆಯನ್ನು ಚೀಟಿಯಲ್ಲಿ ಬರೆಯಬೇಕಾದರೆ ತಿಂಡಿ 35 ದಿನ ಸರಿಯಾಗಿದ್ದುದನ್ನು ಕಣ್ಣಾರೆ ನೋಡಿರಬೇಕು. ಗಣೇಶ ಚೌತಿ ಮುಗಿದ ವಾರದಲ್ಲೇ ಏಳು ಕಟ್ಟು ಪರೀಕ್ಷಾ ಚೀಲಗಳನ್ನು ಸಿದ್ಧಪಡಿಸಿದರೆ, ಹಬ್ಬಕ್ಕೆ ಸುಮಾರು ಎರಡು ವಾರ ಮುಂಚೆ ಫಲಿತಾಂಶ ಕೈಗೆ ಬರುತ್ತದೆ. ಮಳೆಗಾಲದ ತೇವ ಇನ್ನೂ ಇರುವ ಕಾಲವಾದ್ದರಿಂದ ಪರೀಕ್ಷೆಯೂ ಕಠಿಣವಾಗಿರುತ್ತದೆ.

ಐದು ಕಟ್ಟುಗಳನ್ನು ನೆರಳಿನ ಕೋಣೆಯಲ್ಲಿಟ್ಟು 7, 14, 21, 28 ಮತ್ತು 35ನೆಯ ದಿನ ಒಂದೊಂದನ್ನು ತೆರೆಯಬೇಕು. ಆರನೆಯದನ್ನು ತಗಡಿನ ಛಾವಣಿಯ ಕೋಣೆಯಲ್ಲಿ ಎತ್ತರದಲ್ಲಿಟ್ಟರೆ, ಸೆಖೆಗೆ ಉಂಡೆಯ ತುಪ್ಪ ಕರಗಿ ಚೀಲಕ್ಕೆ ಮೆತ್ತುವುದೋ ಎಂಬುದು ತಿಳಿಯುತ್ತದೆ. ಮೆತ್ತಿದರೆ ತುಪ್ಪ ಹೆಚ್ಚಾಗಿದೆ ಎಂದರ್ಥ. ಏಳನೆಯದು ಆಕಸ್ಮಿಕಕ್ಕೆ. ತೆರೆದ ಕ್ಷಣದ ವಾಸನೆಯನ್ನು ಮೊದಲು ನೋಡಬೇಕು, ಏಕೆಂದರೆ ಕಮಟು ಅರ್ಧ ನಿಮಿಷದಲ್ಲಿ ಗಾಳಿಗೆ ಹೋಗಿಬಿಡುತ್ತದೆ. ಆಮೇಲೆ ಚಕ್ಕುಲಿ ಮುರಿದು ಸದ್ದು ಕೇಳಬೇಕು. ಜೊತೆಗೆ ತೂಕವನ್ನೂ ನೋಡಬೇಕು: ಒಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮೊದಲ ದಿನ 150 ಗ್ರಾಂ ಇದ್ದ ಚಕ್ಕುಲಿ ಚೀಲ 21ನೆಯ ದಿನ 154 ಗ್ರಾಂ ತೂಗಿದರೆ ನಾಲ್ಕು ಗ್ರಾಂ ನೀರು ಚೀಲವನ್ನು ದಾಟಿ ಬಂದಿದೆ, ಅಂದರೆ ದೋಷ ಚೀಲದ್ದು. ತೂಕ ಏರದೆಯೇ ಚಕ್ಕುಲಿ ಮೆತ್ತಗಾಗಿದ್ದರೆ ನೀರು ಮೊದಲಿನಿಂದಲೂ ಒಳಗಿತ್ತು, ದೋಷ ಬಾಣಲೆಯದು. ಚೀಲದವರೊಡನೆ ಜಗಳಕ್ಕೆ ಹೋಗುವ ಮುನ್ನ ಈ ತೂಕ ಕೈಯಲ್ಲಿರಬೇಕು.

ಚೀಟಿ, ಮುಂಗಡ, ಮಾದರಿ

ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯಿಲ್ಲದೆ ಮಾರಾಟ ಮಾಡುವಂತಿಲ್ಲ. ಚೀಟಿಯಲ್ಲಿ ಆ 14 ಅಂಕಿಯ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಪ್ರಮಾಣದ ಇಳಿಕೆ ಕ್ರಮದಲ್ಲಿ ಸಾಮಗ್ರಿಗಳು, ನಿವ್ವಳ ತೂಕ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ, ಬಳಕೆಯ ಅವಧಿ, ಗರಿಷ್ಠ ಮಾರಾಟ ಬೆಲೆ ಹಾಗೂ ತಯಾರಕರ ವಿಳಾಸ ಇರಬೇಕು. ಶೇಂಗಾ, ಗೋಡಂಬಿ, ಗೋಧಿ, ಹಾಲಿನ ಅಂಶಗಳಿರುವುದನ್ನು ಎದ್ದು ಕಾಣುವಂತೆ ಬರೆಯತಕ್ಕದ್ದು; ಕೆಲವರಿಗೆ ಇವು ಒಗ್ಗುವುದಿಲ್ಲ. ನಿವ್ವಳ ತೂಕದಲ್ಲಿ ಪೆಟ್ಟಿಗೆಯ ರಟ್ಟು ಸೇರಕೂಡದು. ಐದು ತಿಂಡಿಗಳು ಬೇರೆ ಬೇರೆ ದಿನ ತಯಾರಾಗುವುದರಿಂದ ಹೊರಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ಮೊದಲು ಮುಗಿಯುವ ಅವಧಿಯನ್ನೇ ನಮೂದಿಸಬೇಕು.

ಸಾಮಗ್ರಿ, ಹಾನಿ ಮತ್ತು ಪ್ಯಾಕಿಂಗ್ ಸೇರಿ 200 ಪೆಟ್ಟಿಗೆಗೆ 41,400 ರೂಪಾಯಿ ಮೊದಲೇ ಬೇಕಾಗುತ್ತದೆ. ಒಟ್ಟು ಬೆಲೆ 80,000ದಲ್ಲಿ ಅರ್ಧವನ್ನು ಮುಂಗಡವಾಗಿ ಪಡೆದರೆ ಅದು ಬಹುಪಾಲು ನೀಗುತ್ತದೆ. ಮುಂಗಡ ನೀಡಲೊಪ್ಪದ ಬೇಡಿಕೆಗೆ ಒಕ್ಕೂಟದ ಸಮುದಾಯ ಬಂಡವಾಳ ನಿಧಿಯಿಂದ ಹಣ ತೆಗೆಯುವ ಮುನ್ನ ಸಾಮಾನ್ಯ ಸಭೆಯ ಒಪ್ಪಿಗೆ ಪಡೆಯುವುದು ಕ್ಷೇಮ.

ತಯಾರಿಯ ಆರು ದಿನಗಳಲ್ಲಿ ಕರದಂಟು ಮೊದಲು, ನಂತರ ಬೇಸನ್ ಉಂಡೆ, ಶಂಕರಪಾಳಿ, ಚೂಡಾ, ಕೊನೆಗೆ ಚಕ್ಕುಲಿ ಎಂಬ ಅನುಕ್ರಮ ಅನುಕೂಲ. ಪ್ರತಿ ಬ್ಯಾಚಿನಿಂದ ಒಂದೊಂದು ಚೀಲವನ್ನು ಬೆಸುಗೆ ಹಾಕಿ, ದಿನಾಂಕ ಬರೆದು, ಚೀಟಿಯಲ್ಲಿ ಬರೆದ ಅವಧಿ ಮುಗಿಯುವವರೆಗೆ ಪಂಚಾಯತಿ ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿ ಇಡತಕ್ಕದ್ದು. ದೂರು ಬಂದ ದಿನ ದೂರುದಾರರು ತಂದ ಚೀಲವನ್ನೂ ಅದೇ ಬ್ಯಾಚಿನ ಈ ಚೀಲವನ್ನೂ ಅವರೆದುರಿಗೇ ತೆರೆದು, ತೂಗಿ, ಮುರಿದು ನೋಡಬೇಕು.